ಆರ್ಬಿಟ್ರೇಶನ್, ಮೀಡಿಯೇಶನ್, ಕೋರ್ಟು: ಕರಾರಿನ ಕೊನೆಯ ಪುಟದಿಂದ ಅವಾರ್ಡ್ ಹಣದವರೆಗೆ

ಪುಣೆಯಲ್ಲಿ ವಕೀಲಿ ಮಾಡುವ ನನ್ನ ಹತ್ತಿರ ಬರುವ ಕನ್ನಡದವರಲ್ಲಿ ಹೋಟೆಲಿನವರು, ಕಂಟ್ರಾಕ್ಟರುಗಳು, ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರೇ ಜಾಸ್ತಿ. ಇವರೆಲ್ಲ ಒಂದೇ ಜಾಗದಲ್ಲಿ ಎಡವುತ್ತಾರೆ. ಆರ್ಬಿಟ್ರೇಶನ್ ಎಂದರೆ ಊರಿನ ಪಂಚಾಯ್ತಿ ಇದ್ದ ಹಾಗೆ, ಒಪ್ಪಿಗೆಯಾದರೆ ಆಯ್ತು, ಇಲ್ಲದಿದ್ದರೆ ಕೋರ್ಟಿಗೆ ಹೋದರಾಯ್ತು ಅಂದುಕೊಂಡಿರುತ್ತಾರೆ. ಆರ್ಬಿಟ್ರೇಟರ್ ಕೊಟ್ಟ ತೀರ್ಪು, ಅಂದರೆ ಅವಾರ್ಡ್, ಕೈಗೆ ಬಂದ ಮೇಲೆ ಎಚ್ಚರವಾಗುತ್ತದೆ. ಅಷ್ಟೊತ್ತಿಗೆ ತಡವಾಗಿರುತ್ತದೆ.

ಈ ಗೊಂದಲಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣ. ಕನ್ನಡದಲ್ಲಿ ಆರ್ಬಿಟ್ರೇಶನ್, ಮೀಡಿಯೇಶನ್ ಎರಡಕ್ಕೂ ‘ಮಧ್ಯಸ್ಥಿಕೆ’ ಎಂದೇ ಬರೆಯುತ್ತಾರೆ. ಮರಾಠಿಯವರು ಆರ್ಬಿಟ್ರೇಶನ್‌ಗೆ ‘ಲವಾದ’ ಅನ್ನುತ್ತಾರೆ, ಮೀಡಿಯೇಶನ್‌ಗೆ ‘ಮಧ್ಯಸ್ಥಿ’ ಅನ್ನುತ್ತಾರೆ. ಅವರಿಗೆ ಬೇರೆ ಬೇರೆ ಪದ ಇದೆ, ನಮಗಿಲ್ಲ. ಅದಕ್ಕೇ ಇಲ್ಲಿ ಇಂಗ್ಲಿಷ್ ಪದಗಳನ್ನೇ ಇಟ್ಟುಕೊಂಡಿದ್ದೇನೆ.

ಉದ್ದಕ್ಕೂ ಒಂದೇ ಪ್ರಕರಣ ಹಿಡಿದು ಹೋಗೋಣ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ. ಪಿಂಪ್ರಿಯಲ್ಲಿ ಹೋಟೆಲ್ ಇಟ್ಟಿರುವ ಉಡುಪಿ ಕಡೆಯ ಯಜಮಾನರು ಒಬ್ಬರು. ಅವರಿಗೆ ಇಂಟೀರಿಯರ್ ಕೆಲಸ ಮಾಡಿಕೊಟ್ಟ ವಿಜಯಪುರ ಕಡೆಯ ಕಂಟ್ರಾಕ್ಟರ್ ಇನ್ನೊಬ್ಬರು. ಕರಾರು 62 ಲಕ್ಷದ್ದು. ಯಜಮಾನರು ಕೊಟ್ಟಿದ್ದು 40 ಲಕ್ಷ. ಬಾಕಿ 22 ಲಕ್ಷ, ಜೊತೆಗೆ ‘ಎಕ್ಸ್‌ಟ್ರಾ’ ಕೆಲಸಕ್ಕೆ 6 ಲಕ್ಷ, ಒಟ್ಟು 28 ಲಕ್ಷ ಬರಬೇಕು ಎಂದು ಕಂಟ್ರಾಕ್ಟರ್ ಹೇಳಿದರು. ಅಡುಗೆಮನೆಯ ಎಕ್ಸಾಸ್ಟ್ ಡಕ್ಟ್ ಸರಿಯಿಲ್ಲ, ಕೀಲುಗಳಿಂದ ಎಣ್ಣೆ ತೊಟ್ಟಿಕ್ಕುತ್ತದೆ, ಕೆಲಸವೂ ತಡವಾಯ್ತು, ನನಗೇ 9 ಲಕ್ಷ ನಷ್ಟ ಎಂದು ಯಜಮಾನರು ಹೇಳಿದರು.

## ಹಂತ 1: ಕರಾರಿನ ಕೊನೆಯ ಪುಟ ಓದಿ

ವಕೀಲರಿಗೆ ಫೋನ್ ಮಾಡುವುದಕ್ಕೂ ಮೊದಲು ಈ ಕೆಲಸ ಮಾಡಿ. ಕರಾರು, ವರ್ಕ್ ಆರ್ಡರ್, ಕೊಟೇಶನ್, ಬಿಲ್ಲು, ಇಮೇಲ್ ಎಲ್ಲ ಒಂದು ಫೈಲಿಗೆ ಹಾಕಿ. ‘ಆರ್ಬಿಟ್ರೇಶನ್’ ಎಂಬ ಪದ ಎಲ್ಲಿದೆ ಎಂದು ಹುಡುಕಿ. ಸಾಮಾನ್ಯವಾಗಿ ಅದು ಕೊನೆಯ ಎರಡು ಪುಟಗಳಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ.

ಆ ಕಲಮಿನಲ್ಲಿ ಮೂರು ವಿಷಯ ನೋಡಬೇಕು. ತಕರಾರು ಬಂದರೆ ಆರ್ಬಿಟ್ರೇಶನ್‌ಗೆ ಹೋಗಲೇಬೇಕು ಎಂದಿದೆಯಾ, ಇಲ್ಲ ‘ಬೇಕಿದ್ದರೆ ಹೋಗಬಹುದು’ ಎಂದಿದೆಯಾ? ‘ಹೋಗಬಹುದು’ ಎಂಬ ಮಾತಿದ್ದರೆ ಅದನ್ನು ಒಪ್ಪಂದ ಎಂದು ಕೋರ್ಟು ಒಪ್ಪದೇ ಇರುವ ಸಾಧ್ಯತೆ ಇದೆ. ಎರಡನೆಯದು, ಆರ್ಬಿಟ್ರೇಟರನ್ನು ಯಾರು ನೇಮಿಸುತ್ತಾರೆ? ಮೂರನೆಯದು ಸೀಟ್, ಅಂದರೆ ಯಾವ ಊರು? ಈ ಊರಿನ ಹೆಸರನ್ನು ಜನ ಸುಮ್ನೆ ವಿಳಾಸ ಅಂದುಕೊಳ್ಳುತ್ತಾರೆ. ಅದು ವಿಳಾಸ ಅಲ್ಲ. ಸೀಟ್ ಪುಣೆ ಎಂದಿದ್ದರೆ ಅವಾರ್ಡನ್ನು ಪ್ರಶ್ನಿಸುವುದು ಪುಣೆಯಲ್ಲೇ, ಶಿವಾಜಿನಗರದ ಕೋರ್ಟಿನಲ್ಲಿ. ಅದೇ ಜಾಗದಲ್ಲಿ ದೆಹಲಿ ಎಂದು ಬರೆದಿದ್ದರೆ, ಇಬ್ಬರೂ ಪುಣೆಯವರೇ ಆದರೂ ದೆಹಲಿಗೇ ಓಡಬೇಕು. ಅಂತರ್ಜಾಲದಿಂದ ಕರಾರಿನ ನಮೂನೆ ಇಳಿಸಿಕೊಂಡು ಸಹಿ ಹಾಕಿದವರಿಗೆ ಇದು ಆಗಿದೆ.

ನಮ್ಮ ಪ್ರಕರಣದಲ್ಲಿ ಸೀಟ್ ಪುಣೆ. ಒಬ್ಬನೇ ಆರ್ಬಿಟ್ರೇಟರ್. ನೇಮಿಸುವವರು ಹೋಟೆಲಿನ ಆರ್ಕಿಟೆಕ್ಟ್. ಈ ಕೊನೆಯ ಸಾಲಿನಲ್ಲಿ ತೊಂದರೆ ಇದೆ, ಮುಂದೆ ಹೇಳುತ್ತೇನೆ.

ಕಲಮು ಇದ್ದ ಮಾತ್ರಕ್ಕೆ ಎಲ್ಲ ಜಗಳವೂ ಆರ್ಬಿಟ್ರೇಶನ್‌ಗೆ ಹೋಗುವುದಿಲ್ಲ. ವಿಚ್ಛೇದನ, ಕ್ರಿಮಿನಲ್ ಕೇಸು, ದಿವಾಳಿ ಇವೆಲ್ಲ ಹೊರಗೆ. ಮುಂಬೈಯ ಹೋಟೆಲಿನವರು ಇನ್ನೊಂದನ್ನು ಗಟ್ಟಿಯಾಗಿ ನೆನಪಿಡಬೇಕು. ಅಂಗಡಿ ಜಾಗವನ್ನು ‘ಲೀವ್ ಅಂಡ್ ಲೈಸೆನ್ಸ್’ ಮೇಲೆ ತೆಗೆದುಕೊಂಡಿದ್ದರೆ, ಜಾಗ ಬಿಡಿಸುವ ಮತ್ತು ಬಾಡಿಗೆ ವಸೂಲಿಯ ಜಗಳ ಸ್ಮಾಲ್ ಕಾಸಸ್ ಕೋರ್ಟಿಗೇ ಸೇರಿದ್ದು. ಕರಾರಿನಲ್ಲಿ ಆರ್ಬಿಟ್ರೇಶನ್ ಕಲಮು ಇದ್ದರೂ ಅಷ್ಟೇ. 2009ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಇದನ್ನೇ ಹೇಳಿದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಆರ್ಬಿಟ್ರೇಶನ್ ನಡೆಸಿದರೆ ಕೊನೆಗೆ ಸಿಗುವ ಕಾಗದಕ್ಕೆ ಬೆಲೆ ಇರುವುದಿಲ್ಲ.

## ಹಂತ 2: ಮೂರು ದಾರಿ, ಮೂರು ಬಾಗಿಲು

ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅರ್ಧದಲ್ಲಿ ಎದ್ದು ಹೋದರೆ ಏನಾಗುತ್ತದೆ?

ಮೀಡಿಯೇಶನ್‌ನಲ್ಲಿ ಎದ್ದು ಹೋದರೆ ಏನೂ ಆಗುವುದಿಲ್ಲ. ಮೀಡಿಯೇಟರ್ ತೀರ್ಪು ಕೊಡುವವರಲ್ಲ. ಇಬ್ಬರನ್ನೂ ಕೂರಿಸಿ, ಒಮ್ಮೊಮ್ಮೆ ಬೇರೆ ಬೇರೆ ಕೋಣೆಯಲ್ಲಿ ಮಾತಾಡಿಸಿ, ಒಪ್ಪಂದಕ್ಕೆ ತರುವವರು. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ. ‘18 ಲಕ್ಷಕ್ಕೆ ಮುಗಿಸೋಣ’ ಎಂದು ನೀವು ಅಲ್ಲಿ ಹೇಳಿದ್ದನ್ನು ಎದುರಿನವರು ನಾಳೆ ಕೋರ್ಟಿನಲ್ಲಿ ಸಾಕ್ಷಿ ಎಂದು ತೋರಿಸುವಂತಿಲ್ಲ. ಸಹಿ ಹಾಕುವ ತನಕ ಇಬ್ಬರೂ ಸ್ವತಂತ್ರರು.

ಆರ್ಬಿಟ್ರೇಶನ್‌ನಲ್ಲಿ ಎದ್ದು ಹೋದರೆ ನಿಮ್ಮ ಖಾಲಿ ಕುರ್ಚಿಯ ಎದುರೇ ತೀರ್ಪಾಗುತ್ತದೆ. ಆರ್ಬಿಟ್ರೇಟರ್ ನ್ಯಾಯಾಧೀಶರ ಹಾಗೆಯೇ ಪುರಾವೆ ನೋಡಿ, ಸಾಕ್ಷಿ ಕೇಳಿ ನಿರ್ಣಯ ಕೊಡುತ್ತಾರೆ. ಆ ನಿರ್ಣಯವೇ ಅವಾರ್ಡ್. 1996ರ ಆರ್ಬಿಟ್ರೇಶನ್ ಅಂಡ್ ಕನ್ಸಿಲಿಯೇಶನ್ ಕಾಯ್ದೆಯ ಪ್ರಕಾರ ಅದು ಇಬ್ಬರಿಗೂ ಅಂತಿಮ.

ಕೋರ್ಟಿನಲ್ಲೂ ನೀವಿಲ್ಲದೆ ಡಿಕ್ರಿ ಆಗಬಹುದು. ಆದರೆ ಅಲ್ಲಿ ಮೇಲ್ಮನವಿ ಇದೆ. ಕೆಳಗಿನ ಕೋರ್ಟು ಸಾಕ್ಷಿಯನ್ನು ತಪ್ಪಾಗಿ ಓದಿದೆ ಎಂದು ಮೇಲಿನ ಕೋರ್ಟಿನಲ್ಲಿ ಹೇಳಬಹುದು. ಆರ್ಬಿಟ್ರೇಶನ್‌ನಲ್ಲಿ ಇದಕ್ಕೆ ಅವಕಾಶವಿಲ್ಲ. ಸಮಯ ಉಳಿಯಲಿ ಎಂದು ನೀವು ಬಿಟ್ಟುಕೊಡುವುದು ಈ ಮೇಲ್ಮನವಿಯನ್ನೇ. ಕರಾರಿಗೆ ಸಹಿ ಹಾಕುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ನನ್ನ ಸಲಹೆ ಇಷ್ಟು. ಇಬ್ಬರಿಗೂ ಮುಂದೆ ವ್ಯವಹಾರ ಬೇಕಿದ್ದರೆ, ಜಗಳ ಲೆಕ್ಕದ್ದೇ ಹೊರತು ಹಠದ್ದಲ್ಲದಿದ್ದರೆ, ಮೊದಲು ಮೀಡಿಯೇಶನ್. ಎದುರಿನವರು ಆಸ್ತಿ ಮಾರಿ ಓಡುವ ಹಾಗಿದ್ದರೆ ಮೀಡಿಯೇಶನ್‌ನಲ್ಲಿ ದಿನ ಕಳೆಯಬೇಡಿ. ಕಾಯ್ದೆಯ ಸೆಕ್ಷನ್ 9ರ ಕೆಳಗೆ ಕೋರ್ಟಿನಿಂದ ತಾತ್ಕಾಲಿಕ ಆದೇಶ ತನ್ನಿ. ಆದೇಶ ಸಿಕ್ಕ 90 ದಿನದೊಳಗೆ ಆರ್ಬಿಟ್ರೇಶನ್ ಶುರು ಮಾಡಬೇಕು, ಅದನ್ನು ಮರೆಯಬೇಡಿ. ಆರ್ಬಿಟ್ರೇಶನ್ ಕಲಮೇ ಇಲ್ಲದಿದ್ದರೆ ಉಳಿಯುವುದು ಕೋರ್ಟು. ಅಲ್ಲೂ 3 ಲಕ್ಷ ಅಥವಾ ಮೇಲ್ಪಟ್ಟ ವ್ಯಾಪಾರದ ದಾವೆಗೆ, ತುರ್ತು ಆದೇಶ ಬೇಡದಿದ್ದರೆ, ಮೊದಲು ಮೀಡಿಯೇಶನ್ ಮಾಡಲೇಬೇಕು. ಕಮರ್ಷಿಯಲ್ ಕೋರ್ಟ್ ಕಾಯ್ದೆಯ ಸೆಕ್ಷನ್ 12ಎ ಹಾಗೆ ಹೇಳುತ್ತದೆ. ಇದು ಕಡ್ಡಾಯ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದ ಮೇಲೆ, ಇದನ್ನು ಬಿಟ್ಟು ಹಾಕಿದ ದಾವೆಗಳು ಬಾಗಿಲಲ್ಲೇ ಬೀಳುತ್ತವೆ.

ನಮ್ಮ ಪ್ರಕರಣದ ಇಬ್ಬರ ನಡುವೆ ಮೀಡಿಯೇಶನ್ ಆಗಬಹುದಿತ್ತು. ‘ಅಣ್ಣಾ, 24ಕ್ಕೆ ಮುಗಿಸೋಣ’ ಎಂದು ಕಂಟ್ರಾಕ್ಟರ್ ಒಮ್ಮೆ ಹೋಟೆಲಿಗೇ ಬಂದು ಕೇಳಿದ್ದರಂತೆ. ‘ಮೊದಲು ಆ ಡಕ್ಟ್ ನೋಡು ತಮ್ಮಾ’ ಎಂದು ಯಜಮಾನರು ಚಹಾ ಕೊಟ್ಟು ಕಳಿಸಿದರು.

## ಹಂತ 3: ನೋಟಿಸು ಸರಿಯಾಗಿ ಕಳಿಸಿ

ಆರ್ಬಿಟ್ರೇಶನ್ ಶುರುವಾಗುವುದು ಮೊದಲ ಸಿಟಿಂಗ್ ದಿನ ಅಲ್ಲ. ‘ತಕರಾರನ್ನು ಆರ್ಬಿಟ್ರೇಶನ್‌ಗೆ ಒಯ್ಯುತ್ತಿದ್ದೇನೆ’ ಎಂಬ ನೋಟಿಸು ಎದುರಿನವರ ಕೈ ಸೇರಿದ ದಿನ. ಸೆಕ್ಷನ್ 21 ಹೇಳುವುದು ಇದನ್ನೇ. ‘ಹಣ ಕೊಡಿ, ಇಲ್ಲದಿದ್ದರೆ ಕಾನೂನು ಕ್ರಮ’ ಎಂಬ ಮಾಮೂಲಿ ವಕೀಲರ ನೋಟಿಸು ಇದಕ್ಕೆ ಸಾಲದು. ಯಾವ ಕರಾರು, ಯಾವ ಕಲಮು, ಏನು ತಕರಾರು, ಎಷ್ಟು ಹಣ, ಯಾರನ್ನು ಆರ್ಬಿಟ್ರೇಟರ್ ಎಂದು ಸೂಚಿಸುತ್ತೀರಿ, ಇಷ್ಟೂ ಬರೆಯಿರಿ. ಕರಾರಿನಲ್ಲಿರುವ ವಿಳಾಸಕ್ಕೇ ಕಳಿಸಿ. ಇಮೇಲಿಗೂ ಕಳಿಸಿ. ತಲುಪಿದ ರಸೀದಿ ಇಟ್ಟುಕೊಳ್ಳಿ.

ಇಲ್ಲಿ ದೊಡ್ಡ ತಪ್ಪು ಅವಧಿಯದು. ಬಾಕಿ ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ. ‘ಮುಂದಿನ ತಿಂಗಳು ಕೊಡ್ತೀನಿ’ ಎಂಬ ಬಾಯಿಮಾತು ಆ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಮಿತಿ ಮುಗಿಯುವ ಮೊದಲೇ ಬಾಕಿ ಒಪ್ಪಿಕೊಂಡು ಸಹಿ ಹಾಕಿದ ಬರಹ ಇದ್ದರೆ ಮಾತ್ರ ಹೊಸ ಲೆಕ್ಕ ಶುರುವಾಗುತ್ತದೆ. ಸಂಬಂಧ ಕೆಡಬಾರದು ಎಂದು ಕಾಯುತ್ತಾ ಕೂತವರು ಮೂರು ವರ್ಷ ಎರಡು ತಿಂಗಳಿಗೆ ನನ್ನ ಹತ್ತಿರ ಬಂದ ಉದಾಹರಣೆ ಬೇಕಾದಷ್ಟಿವೆ.

ನೀವು ಎದುರಿನ ಕಡೆಯವರು ಎಂದುಕೊಳ್ಳಿ. ಕರಾರಿನಲ್ಲಿ ಆರ್ಬಿಟ್ರೇಶನ್ ಇದ್ದರೂ ನಿಮ್ಮ ಮೇಲೆ ಕೋರ್ಟಿನಲ್ಲಿ ದಾವೆ ಬಿತ್ತು. ಆಗ ಸೆಕ್ಷನ್ 8ರ ಅರ್ಜಿ ಹಾಕಿ ‘ಇದನ್ನು ಆರ್ಬಿಟ್ರೇಶನ್‌ಗೆ ಕಳಿಸಿ’ ಎಂದು ಕೇಳಬಹುದು. ಆದರೆ ದಾವೆಯ ವಿಷಯದ ಮೇಲೆ ನಿಮ್ಮ ಮೊದಲ ಉತ್ತರ ಕೊಡುವ ದಿನದೊಳಗೇ ಕೇಳಬೇಕು. ಉತ್ತರ ಸಲ್ಲಿಸಿ ಆರು ತಿಂಗಳ ಮೇಲೆ ಕಲಮು ನೆನಪಾದರೆ ಪ್ರಯೋಜನವಿಲ್ಲ.

## ಹಂತ 4: ಆರ್ಬಿಟ್ರೇಟರ್ ಯಾರು, ಫೀಸು ಎಷ್ಟು

ಹೋಟೆಲಿನ ಆರ್ಕಿಟೆಕ್ಟೇ ಆರ್ಬಿಟ್ರೇಟರನ್ನು ನೇಮಿಸುವುದು ಎಂದು ಕರಾರು ಹೇಳುತ್ತಿತ್ತು. ಇಂಟೀರಿಯರ್ ಕರಾರುಗಳಲ್ಲಿ ಈ ಸಾಲು ತುಂಬಾ ಸಾಮಾನ್ಯ. ಬಿಲ್ಲು ಕಡಿತ ಮಾಡಿದವರೇ ಪಂಚರನ್ನೂ ಆರಿಸಿದರೆ ಅದು ನ್ಯಾಯ ಅಲ್ಲ, ಅಲ್ವಾ? ಕಾನೂನೂ ಹಾಗೇ ಹೇಳುತ್ತದೆ. ಒಂದು ಕಡೆಯವರ ಜೊತೆ ವ್ಯವಹಾರ ಸಂಬಂಧ ಇರುವವರು ಆರ್ಬಿಟ್ರೇಟರ್ ಆಗುವಂತಿಲ್ಲ. ಹಿತಾಸಕ್ತಿ ಇರುವವರು ಒಬ್ಬರೇ ಕೂತು ಇನ್ನೊಬ್ಬರನ್ನು ನೇಮಿಸುವಂತೆಯೂ ಇಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ತಕರಾರು ಹುಟ್ಟಿದ ಮೇಲೆ ಇಬ್ಬರೂ ಬರವಣಿಗೆಯಲ್ಲಿ ಸ್ಪಷ್ಟವಾಗಿ ಒಪ್ಪಿದರೆ ಮಾತ್ರ ವಿನಾಯಿತಿ.

ಗೆಲ್ಲುವವರಿಗೂ ಇದರಲ್ಲಿ ಅಪಾಯ ಇದೆ. ತಪ್ಪಾಗಿ ನೇಮಕವಾದವರು ನಿಮ್ಮ ಪರವಾಗಿ ಅವಾರ್ಡ್ ಕೊಟ್ಟರೆ ಸೋತವರು ಅದೇ ಕಾರಣ ಹಿಡಿದು ರದ್ದು ಮಾಡಿಸಬಹುದು. ಆದ್ದರಿಂದ ಯಾವ ಕಡೆಯವರೇ ಆಗಿರಿ, ನೇಮಕ ಸರಿಯಿಲ್ಲ ಅನ್ನಿಸಿದ ದಿನವೇ ಬರೆದು ತಿಳಿಸಿ.

ನೋಟಿಸು ತಲುಪಿ 30 ದಿನವಾದರೂ ಎದುರಿನವರು ಹೆಸರು ಒಪ್ಪದಿದ್ದರೆ ಹೈಕೋರ್ಟಿಗೆ ಅರ್ಜಿ. ಪುಣೆಯವರಿಗೆ ಅದು ಮುಂಬೈಯ ಬಾಂಬೆ ಹೈಕೋರ್ಟು. ಗೋವಾದವರಿಗೆ ಅದೇ ಹೈಕೋರ್ಟಿನ ಪೊರ್ವೊರಿಮ್ ಪೀಠ. ಅಲ್ಲಿ ನೋಡುವುದು ಆರ್ಬಿಟ್ರೇಶನ್ ಒಪ್ಪಂದ ಮೇಲ್ನೋಟಕ್ಕೆ ಇದೆಯೇ ಎಂಬುದನ್ನು. ಡಕ್ಟ್ ಸೋರುತ್ತದೋ ಇಲ್ಲವೋ ಎಂದು ಅಲ್ಲಿ ವಾದ ಮಾಡಬೇಡಿ.

ಫೀಸಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಕೋರ್ಟಿನ ನ್ಯಾಯಾಧೀಶರಿಗೆ ಸಂಬಳ ಸರ್ಕಾರದ್ದು. ಆರ್ಬಿಟ್ರೇಟರಿಗೆ ಕೊಡುವವರು ನೀವಿಬ್ಬರು. ಕಾಯ್ದೆಯ ನಾಲ್ಕನೇ ಪಟ್ಟಿಯ ಪ್ರಕಾರ ಲೆಕ್ಕ ಹೀಗೆ ಬರುತ್ತದೆ. 20 ಲಕ್ಷದಿಂದ 1 ಕೋಟಿಯೊಳಗಿನ ಮೊತ್ತಕ್ಕೆ 97,500 ರೂಪಾಯಿ, ಜೊತೆಗೆ 20 ಲಕ್ಷಕ್ಕೆ ಮೇಲ್ಪಟ್ಟಿದ್ದರ ಶೇ. 3. ಕಂಟ್ರಾಕ್ಟರ್ ಕೇಳಿದ 28 ಲಕ್ಷಕ್ಕೆ ಇದು 1,21,500 ಆಯ್ತು. ಯಜಮಾನರ 9 ಲಕ್ಷದ ಪ್ರತಿಬೇಡಿಕೆಯನ್ನು ಬೇರೆಯಾಗಿ ಹಿಡಿಯುತ್ತಾರೆ. 5 ಲಕ್ಷದವರೆಗೆ 45,000, ಮೇಲಿನ 4 ಲಕ್ಷಕ್ಕೆ ಶೇ. 3.5ರಂತೆ 14,000, ಒಟ್ಟು 59,000. ಎರಡೂ ಕೂಡಿದರೆ 1,80,500. ಒಬ್ಬರೇ ಆರ್ಬಿಟ್ರೇಟರ್ ಇದ್ದರೆ ಇದರ ಮೇಲೆ ಶೇ. 25 ಜಾಸ್ತಿ, ಅಂದರೆ 2,25,625. ಇಬ್ಬರೂ ಅರ್ಧರ್ಧ. ಒಬ್ಬರು ಕೊಡದಿದ್ದರೆ ಇನ್ನೊಬ್ಬರು ಅವರ ಪಾಲನ್ನೂ ಕಟ್ಟಿ ಮುಂದುವರಿಸಬಹುದು. ಯಾರೂ ಕಟ್ಟದಿದ್ದರೆ ಕೆಲಸ ನಿಲ್ಲುತ್ತದೆ.

ಈ ಲೆಕ್ಕ ನೋಡಿದ ಮೇಲೆ 3 ಲಕ್ಷದ ಬಾಕಿಗೆ ಆರ್ಬಿಟ್ರೇಶನ್ ಮಾಡುವುದು ದುಬಾರಿ ಎಂದು ನಿಮಗೇ ಗೊತ್ತಾಗುತ್ತದೆ. ಅಂಥ ಸಣ್ಣ ಕರಾರುಗಳಲ್ಲಿ ಆ ಕಲಮನ್ನೇ ಹಾಕಿಕೊಳ್ಳಬೇಡಿ ಎಂದು ನಾನು ಹೇಳುತ್ತೇನೆ.

## ಹಂತ 5: ಪುರಾವೆ ಎಲ್ಲ ಇಲ್ಲೇ, ಈಗಲೇ

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಯಜಮಾನರು ಮೊದಲ ಎರಡು ಸಿಟಿಂಗ್‌ಗೆ ಹೋಗಲೇ ಇಲ್ಲ. ‘ಅದೇನು ಕೋರ್ಟಾ? ಒಬ್ಬ ರಿಟೈರ್ಡ್ ಜಡ್ಜ್ ಫ್ಲಾಟಿನಲ್ಲಿ ಕೂತು ಕರೀತಾರೆ’ ಎಂದು ಆಮೇಲೆ ನನಗೆ ಹೇಳಿದರು. ಎದುರಿನವರು ಬಾರದಿದ್ದರೆ ಇರುವ ಪುರಾವೆಯ ಮೇಲೆ ಅವಾರ್ಡ್ ಕೊಡುವ ಅಧಿಕಾರ ಆರ್ಬಿಟ್ರೇಟರಿಗೆ ಇದೆ. ಅದೃಷ್ಟಕ್ಕೆ ಅವರ ಮಗ ನೋಟಿಸು ಓದಿ ಗಾಬರಿಯಾಗಿ ವಕೀಲರೊಬ್ಬರನ್ನು ಹಿಡಿದ. ಉತ್ತರವೂ ಪ್ರತಿಬೇಡಿಕೆಯೂ ತಡವಾಗಿ ಆದರೂ ಸೇರಿದವು.

ಆದರೆ ಮುಖ್ಯ ಪುರಾವೆ ಬರಲಿಲ್ಲ. ಡಕ್ಟ್‌ನ ಕೀಲುಗಳನ್ನು ಬಿಚ್ಚಿ ಮತ್ತೆ ಮಾಡಿಕೊಟ್ಟವನು ಬೇರೆ ಫ್ಯಾಬ್ರಿಕೇಟರ್. ಅವನ ಬಿಲ್ಲು 3,20,000 ರೂಪಾಯಿಯದು ಇತ್ತು. ಅದನ್ನು ಹಾಕಿದರು. ಹೋಟೆಲ್ 17 ದಿನ ಮುಚ್ಚಿದ್ದರಿಂದ ಆದ ನಷ್ಟಕ್ಕೆ ಪುರಾವೆ ಹಾಕಲಿಲ್ಲ. ದಿನದ ಗಲ್ಲಾ ಲೆಕ್ಕ, ಹಿಂದಿನ ತಿಂಗಳುಗಳ ಜಿಎಸ್‌ಟಿ ರಿಟರ್ನು, ಮುಚ್ಚಿದ ದಿನಗಳಲ್ಲೂ ಕೊಟ್ಟ ಸಂಬಳದ ಪಟ್ಟಿ, ಎಲ್ಲವೂ ಹೋಟೆಲಿನಲ್ಲೇ ಇದ್ದವು. ಫ್ಯಾಬ್ರಿಕೇಟರನ್ನು ಸಾಕ್ಷಿಯಾಗಿ ಕರೆಯಲೂ ಇಲ್ಲ. ‘ಅದೆಲ್ಲ ಮೇಲಿನ ಕೋರ್ಟಲ್ಲಿ ನೋಡಿಕೊಳ್ಳೋಣ’ ಎಂಬ ಧೈರ್ಯ.

ಮೇಲಿನ ಕೋರ್ಟು ಪುರಾವೆಯನ್ನು ಮತ್ತೆ ತೂಗುವುದಿಲ್ಲ. ಹಾಗಾಗಿ ಬೇಡಿಕೆಯ ಪ್ರತಿ ಸಾಲಿಗೂ ಎದುರು ಒಂದು ಕಾಗದ ಇರಬೇಕು. ನಾನು ಕಕ್ಷಿದಾರರಿಗೆ ಎರಡು ಕಾಲಮಿನ ಹಾಳೆ ಬರೆಸುತ್ತೇನೆ: ಎಡಕ್ಕೆ ಮೊತ್ತ, ಬಲಕ್ಕೆ ಅದನ್ನು ತೋರಿಸುವ ಕಾಗದ ಅಥವಾ ಮನುಷ್ಯ. ಬಲಗಡೆ ಖಾಲಿ ಉಳಿದ ಸಾಲು ಅವಾರ್ಡ್‌ನಲ್ಲೂ ಖಾಲಿಯಾಗಿಯೇ ಉಳಿಯುತ್ತದೆ. ಕಂಟ್ರಾಕ್ಟರಿಗೂ ಇದೇ ಆಯ್ತು. 6 ಲಕ್ಷದ ಎಕ್ಸ್‌ಟ್ರಾ ಕೆಲಸದಲ್ಲಿ ‘ಓಕೆ, ಮಾಡಿ’ ಎಂಬ ವಾಟ್ಸ್ಆಪ್ ಉತ್ತರ ಇದ್ದದ್ದು 2,20,000ದ ಕೆಲಸಕ್ಕೆ ಮಾತ್ರ. ಉಳಿದದ್ದನ್ನು ಸೈಟಿನಲ್ಲಿ ನಿಂತು ಬಾಯಲ್ಲೇ ಹೇಳಿದ್ದರು.

ಭಾಷೆಯ ವಿಷಯ ಒಂದು. ಆರ್ಬಿಟ್ರೇಶನ್ ಯಾವ ಭಾಷೆಯಲ್ಲಿ ನಡೆಯಬೇಕು ಎಂದು ಇಬ್ಬರೂ ಒಪ್ಪಿ ತೀರ್ಮಾನಿಸಬಹುದು. ಒಪ್ಪದಿದ್ದರೆ ಆರ್ಬಿಟ್ರೇಟರ್ ತೀರ್ಮಾನಿಸುತ್ತಾರೆ. ನಮ್ಮವರ ಲೆಕ್ಕದ ಪುಸ್ತಕ, ಚೀಟಿ, ಮೆಸೇಜು ಎಲ್ಲ ಕನ್ನಡದಲ್ಲಿರುತ್ತವೆ. ಅವುಗಳ ಅನುವಾದವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ‘ಮಾಡ್ಸು ಮಾರಾಯ, ನೋಡುವ’ ಎಂಬ ಮೆಸೇಜು ಒಪ್ಪಿಗೆಯೋ ಅಲ್ಲವೋ ಎಂದು ನಾವು ಅರ್ಧ ದಿನ ವಾದ ಮಾಡಿದ್ದೇವೆ.

ಗಡುವೂ ಇದೆ. ಎರಡೂ ಕಡೆಯ ಬೇಡಿಕೆ, ಉತ್ತರ ಆರು ತಿಂಗಳಲ್ಲಿ ಮುಗಿಯಬೇಕು. ಅದಾದ ಹನ್ನೆರಡು ತಿಂಗಳಲ್ಲಿ ಅವಾರ್ಡ್ ಬರಬೇಕು. ಇಬ್ಬರೂ ಒಪ್ಪಿದರೆ ಇನ್ನೂ ಆರು ತಿಂಗಳು. ಅದಕ್ಕೂ ಮೇಲೆ ಬೇಕಾದರೆ ಕೋರ್ಟಿನ ಅನುಮತಿ.

## ಹಂತ 6: ಅವಾರ್ಡ್ ಬಂದ ದಿನ ಏನು ಮಾಡಬೇಕು

ನಮ್ಮ ಅವಾರ್ಡ್ ಹೀಗಿತ್ತು. ಬಾಕಿ 22,00,000 ಮತ್ತು ಎಕ್ಸ್‌ಟ್ರಾ 2,20,000 ಕಂಟ್ರಾಕ್ಟರಿಗೆ. ಅದರಲ್ಲಿ ಡಕ್ಟ್ ರಿಪೇರಿಯ 3,20,000 ಕಳೆಯಬೇಕು. ನಿವ್ವಳ 21,00,000. ನೋಟಿಸು ತಲುಪಿದ ಫೆಬ್ರವರಿ 1ರಿಂದ ಹಣ ಕೊಡುವ ತನಕ ವರ್ಷಕ್ಕೆ ಶೇ. 9 ಬಡ್ಡಿ. ಖರ್ಚಿಗೆ 1,00,000. ಮುಂದಿನ ವರ್ಷದ ಜುಲೈ ಕೊನೆಗೆ ಸಹಿಯಾಯ್ತು.

ಮೊದಲ ಕೆಲಸ, ಲಕೋಟೆ ಇಟ್ಟುಕೊಳ್ಳಿ. ಅವಾರ್ಡ್ ಮೇಲಿನ ತಾರೀಖಿಗಿಂತ, ಸಹಿ ಮಾಡಿದ ಪ್ರತಿ ನಿಮ್ಮ ಕೈ ಸೇರಿದ ತಾರೀಖು ಮುಖ್ಯ. ಎಲ್ಲ ದಿನ ಲೆಕ್ಕವೂ ಅಲ್ಲಿಂದಲೇ. ವಾಟ್ಸ್ಆಪ್‌ನಲ್ಲಿ ಬಂದ ಫೋಟೋ ಸಾಲದು. ಎದುರಿನವರ ಜೆರಾಕ್ಸೂ ಸಾಲದು. ಆರ್ಬಿಟ್ರೇಟರಿಂದ ಸಹಿ ಮಾಡಿದ ಪ್ರತಿಯೇ ಸಿಗಬೇಕು ಎಂದು ಸುಪ್ರೀಂ ಕೋರ್ಟು 2011ರಲ್ಲಿ ಮಹಾರಾಷ್ಟ್ರ ಸರ್ಕಾರದ್ದೇ ಒಂದು ಪ್ರಕರಣದಲ್ಲಿ ಹೇಳಿದೆ.

ಎರಡನೆಯದು, ಅದೇ ದಿನ ಕ್ಯಾಲ್ಕುಲೇಟರ್ ಹಿಡಿದು ಕೂರಿ. ಕೂಡಿಸಿದ್ದರಲ್ಲಿ ತಪ್ಪು, ಹೆಸರಿನಲ್ಲಿ ತಪ್ಪು, ಟೈಪಿಂಗ್ ತಪ್ಪು ಇದ್ದರೆ 30 ದಿನದೊಳಗೆ ಆರ್ಬಿಟ್ರೇಟರಿಗೇ ಅರ್ಜಿ ಕೊಡಿ. ನೀವು ಕೇಳಿದ್ದ ಒಂದು ಬೇಡಿಕೆಯ ಬಗ್ಗೆ ಅವಾರ್ಡ್ ಏನೂ ಹೇಳದಿದ್ದರೂ ಇದೇ ಅವಧಿ. ಸೆಕ್ಷನ್ 33 ಇರುವುದು ಇದಕ್ಕೇ. ‘ನನ್ನ ಸಾಕ್ಷಿಯನ್ನು ನಂಬಿಲ್ಲ’ ಎಂದು ಅಲ್ಲಿ ಬರೆಯಬೇಡಿ. ಅದು ತಿದ್ದುಪಡಿಯ ವಿಷಯ ಅಲ್ಲ.

ಮೂರನೆಯದು, ಕ್ಯಾಲೆಂಡರಿನಲ್ಲಿ ಎರಡು ದಿನ ಗುರುತು ಮಾಡಿ. ಯಜಮಾನರ ಪ್ರತಿ ಬಂದದ್ದು ಆಗಸ್ಟ್ 4ಕ್ಕೆ. ಅವಾರ್ಡನ್ನು ಪ್ರಶ್ನಿಸಲು ಮೂರು ತಿಂಗಳು, ಅಂದರೆ ನವೆಂಬರ್ 4. ತಡವಾದದ್ದಕ್ಕೆ ಗಟ್ಟಿ ಕಾರಣ ಕೊಟ್ಟರೆ ಕೋರ್ಟು ಇನ್ನು 30 ದಿನ ಕೊಡಬಹುದು, ಅಂದರೆ ಡಿಸೆಂಬರ್ 4. ಅದರಾಚೆಗೆ ಒಂದು ದಿನವೂ ಇಲ್ಲ. ಕಾಯಿಲೆಯಿದ್ದರೂ, ಊರಲ್ಲಿ ಕೋಲ ಇದ್ದರೂ ಇಲ್ಲ. ಸೆಕ್ಷನ್ 33ರ ಅರ್ಜಿ ಹಾಕಿದ್ದರೆ ಮಾತ್ರ ಅದು ತೀರ್ಮಾನವಾದ ದಿನದಿಂದ ಮೂರು ತಿಂಗಳ ಲೆಕ್ಕ.

ರಜೆಯ ಬಲೆಯೂ ಒಂದಿದೆ. ಮೂರು ತಿಂಗಳ ಕೊನೆಯ ದಿನ ಕೋರ್ಟಿನ ದೀಪಾವಳಿ ರಜೆಯಲ್ಲಿ ಬಿದ್ದರೆ ಬಾಗಿಲು ತೆರೆದ ದಿನ ಹಾಕಬಹುದು. ಆದರೆ ಹೆಚ್ಚುವರಿ 30 ದಿನದ ಕೊನೆ ರಜೆಯಲ್ಲಿ ಬಿದ್ದರೆ ಆ ಸೌಲಭ್ಯ ಇಲ್ಲ. ಕ್ರಿಸ್ಮಸ್ ರಜೆಯಲ್ಲಿ ಹೀಗೆ ಕೆಟ್ಟವರಿದ್ದಾರೆ.

ಯಜಮಾನರು ನನ್ನ ಆಫೀಸಿಗೆ ಬಂದದ್ದು ಅಕ್ಟೋಬರ್ 27ಕ್ಕೆ. ‘ಎಂದು ಬಂತು ಇದು?’ ಎಂದು ಕೇಳಿದೆ. ‘ಗಣಪತಿ ಹಬ್ಬಕ್ಕೂ ಮುಂಚೆ ಇರ್ಬೇಕು ವಕೀಲ್ರೇ’ ಎಂದರು. ಲಕೋಟೆ ಎಲ್ಲಿ? ಮಗನಿಗೆ ಫೋನ್ ಹೋಯ್ತು. ಕ್ಯಾಶಿಯರ್ ಸಹಿ ಹಾಕಿ ತೆಗೆದುಕೊಂಡು ಗಲ್ಲಾದ ಡ್ರಾಯರಿನಲ್ಲಿ ಹಳೆಯ ಟೋಕನ್ ಪುಸ್ತಕಗಳ ಕೆಳಗೆ ಇಟ್ಟಿದ್ದ. ಒಂದು ಮೂಲೆಗೆ ಸಾಂಬಾರಿನ ಕಲೆ. ಮುದ್ರೆ ಮಾತ್ರ ಸ್ಪಷ್ಟವಾಗಿತ್ತು. ಉಳಿದದ್ದು ಎಂಟು ದಿನ.

## ಹಂತ 7: ಸೋತವರಿಗೆ ಅವಾರ್ಡ್ ಎಂದರೆ ಏನು

‘ಅಪೀಲು ಹಾಕಿ’ ಎಂದರು ಯಜಮಾನರು. ಅಪೀಲು ಇಲ್ಲ. ಇರುವುದು ಸೆಕ್ಷನ್ 34ರ ಅರ್ಜಿ, ಅವಾರ್ಡ್ ರದ್ದು ಮಾಡಿ ಎಂದು ಕೇಳುವುದು. ಕಾರಣಗಳು ಎಣಿಕೆಯವು. ನಿಮಗೆ ಸರಿಯಾದ ನೋಟಿಸೇ ಸಿಗಲಿಲ್ಲ ಅಥವಾ ನಿಮ್ಮ ಮಾತು ಹೇಳಲು ಅವಕಾಶ ಸಿಗಲಿಲ್ಲ. ಆರ್ಬಿಟ್ರೇಟರ್ ನೇಮಕ ಕರಾರಿಗೆ ಅಥವಾ ಕಾನೂನಿಗೆ ವಿರುದ್ಧ. ಕರಾರಿನಾಚೆಗಿನ ವಿಷಯ ತೀರ್ಮಾನಿಸಿದ್ದಾರೆ. ವಿಷಯವೇ ಆರ್ಬಿಟ್ರೇಶನ್‌ಗೆ ಬರುವಂಥದ್ದಲ್ಲ. ಮೋಸದಿಂದ ಪಡೆದದ್ದು ಅಥವಾ ಸಾರ್ವಜನಿಕ ನೀತಿಗೆ ವಿರುದ್ಧ. ಇಲ್ಲವೇ ಅವಾರ್ಡಿನ ಮುಖದ ಮೇಲೇ ಕಾಣುವ ಕಾನೂನಿನ ತಪ್ಪು, ಅಂದರೆ ಪುರಾವೆಯೇ ಇಲ್ಲದ ತೀರ್ಮಾನದಂಥದ್ದು.

ಸಾಕ್ಷಿಯನ್ನು ಹೀಗಲ್ಲ, ಹಾಗೆ ಓದಬೇಕಿತ್ತು ಎನ್ನುವುದು ಇದರಲ್ಲಿ ಯಾವುದರಲ್ಲೂ ಬರುವುದಿಲ್ಲ. 17 ದಿನದ ನಷ್ಟದ ಲೆಕ್ಕವನ್ನು ಯಜಮಾನರು ಈಗ ಚೀಲದಲ್ಲಿ ತಂದಿದ್ದರು. ಅಚ್ಚುಕಟ್ಟಾಗಿ ದಿನದಿನದ್ದೂ ಇತ್ತು. ಒಂದು ವರ್ಷ ಮೊದಲು ಆರ್ಬಿಟ್ರೇಟರ್ ಮುಂದೆ ಇಟ್ಟಿದ್ದರೆ ಅವಾರ್ಡಿನ ಲೆಕ್ಕವೇ ಬೇರೆಯಾಗುತ್ತಿತ್ತೇನೋ.

ಇನ್ನೊಂದು ಮಾತು ಜನ ಕೇಳುತ್ತಾರೆ: ಕೋರ್ಟು ಮೊತ್ತವನ್ನಾದರೂ ಕಡಿಮೆ ಮಾಡಬಹುದಲ್ಲ? 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಇದಕ್ಕೆ ಉತ್ತರ ಕೊಟ್ಟಿದೆ. ನಾಲ್ವರು ಒಂದು ಕಡೆ, ಒಬ್ಬರು ಭಿನ್ನ. ಕಣ್ಣಿಗೆ ಕಾಣುವ ಲೆಕ್ಕದ ತಪ್ಪು ತಿದ್ದುವುದು, ಬೇರ್ಪಡಿಸಬಹುದಾದ ಕೆಟ್ಟ ಭಾಗವನ್ನು ಕಿತ್ತುಹಾಕುವುದು, ಕೆಲವು ಸಂದರ್ಭದಲ್ಲಿ ಅವಾರ್ಡ್ ನಂತರದ ಬಡ್ಡಿ ಬದಲಿಸುವುದು, ಇಂಥ ಸೀಮಿತ ಅಧಿಕಾರ ಇದೆ ಎಂದಿತು. 21 ಲಕ್ಷ ಜಾಸ್ತಿಯಾಯ್ತು, 15 ಮಾಡಿ ಎನ್ನಲು ಅಲ್ಲಿ ಜಾಗವಿಲ್ಲ.

ಅರ್ಜಿ ಹಾಕಿದರೆ ಹಣ ಕೊಡುವುದು ನಿಂತಿತು ಎಂದೂ ತಿಳಿಯಬೇಡಿ. 2015ರ ತಿದ್ದುಪಡಿಗೆ ಮೊದಲು ಹಾಗಿತ್ತು. ಈಗ ತಡೆಯಾಜ್ಞೆಗೆ ಬೇರೆ ಅರ್ಜಿ ಹಾಕಬೇಕು. ಹಣದ ಅವಾರ್ಡ್ ಆದರೆ ಕೋರ್ಟು ಸಾಮಾನ್ಯವಾಗಿ ಠೇವಣಿ ಕಟ್ಟಿಸಿಕೊಂಡೇ ತಡೆ ಕೊಡುತ್ತದೆ. ಇತ್ತ ಬಡ್ಡಿ ಓಡುತ್ತಲೇ ಇರುತ್ತದೆ. 21 ಲಕ್ಷಕ್ಕೆ ಶೇ. 9 ಎಂದರೆ ವರ್ಷಕ್ಕೆ 1,89,000, ತಿಂಗಳಿಗೆ 15,750. ಅವಾರ್ಡ್ ಬಡ್ಡಿಯ ಬಗ್ಗೆ ಏನೂ ಹೇಳದಿದ್ದರೂ, ಅವಾರ್ಡ್ ದಿನದಿಂದ ಚಾಲ್ತಿ ದರಕ್ಕಿಂತ ಶೇ. 2 ಜಾಸ್ತಿ ಬಡ್ಡಿ ಕಾಯ್ದೆಯಲ್ಲೇ ಇದೆ.

## ಹಂತ 8: ಗೆದ್ದವರಿಗೆ ಅವಾರ್ಡ್ ಎಂದರೆ ಏನು

ಗೆದ್ದವರು ಎರಡು ತಪ್ಪು ಮಾಡುತ್ತಾರೆ. ಕೆಲವರು ಮರುದಿನವೇ ಜಪ್ತಿಗೆ ಹೊರಡುತ್ತಾರೆ. ಅವಾರ್ಡ್ ಕೋರ್ಟಿನ ಡಿಕ್ರಿಯ ಹಾಗೆಯೇ ಜಾರಿಯಾಗುತ್ತದೆ, ಸರಿ. ಹೊಸ ದಾವೆ ಬೇಕಿಲ್ಲ. ಆದರೆ ಪ್ರಶ್ನಿಸುವ ಅವಧಿ ಮುಗಿಯುವ ತನಕ ಕಾಯಬೇಕು.

ಇನ್ನು ಕೆಲವರು ಆ ಮೂರು ತಿಂಗಳು ಸುಮ್ಮನೆ ಕೂರುತ್ತಾರೆ. ಅಷ್ಟರಲ್ಲಿ ಎದುರಿನವರ ಫ್ಲಾಟು ಭಾವನ ಹೆಸರಿಗೆ ಹೋಗಿರುತ್ತದೆ. ಕಾಯುವ ಕಾಲದಲ್ಲೂ ಸೆಕ್ಷನ್ 9ರ ಅರ್ಜಿ ಹಾಕಿ ಆಸ್ತಿ ಮಾರದಂತೆ ಆದೇಶ ಕೇಳಬಹುದು. ಹೊಸ ಮಾರಾಟದ ಸುಳಿವು, ಖಾತೆ ಖಾಲಿಯಾಗುವುದು, ಹೋಟೆಲಿನ ಬೋರ್ಡ್ ಮೇಲೆ ಏಕಾಏಕಿ ಬೇರೆ ಮಾಲೀಕರ ಹೆಸರು, ಇವು ಎಚ್ಚರಿಕೆಯ ಗುರುತುಗಳು.

ಜಾರಿಯ ಅರ್ಜಿಯನ್ನು ಆಸ್ತಿ ಇರುವ ಊರಿನ ಕೋರ್ಟಿನಲ್ಲೇ ನೇರವಾಗಿ ಹಾಕಬಹುದು. ಮೊದಲು ಪುಣೆಯ ಕೋರ್ಟಿಗೆ ಹೋಗಿ ವರ್ಗಾವಣೆ ಪಡೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ನಮ್ಮವರಿಗೆ ಇದು ತುಂಬಾ ಉಪಯೋಗದ್ದು. ಹೋಟೆಲ್ ಬಾಡಿಗೆ ಜಾಗದಲ್ಲಿ ಇದ್ದರೂ ಊರಲ್ಲಿ ಮನೆ, ತೋಟ ಇರುತ್ತದಲ್ಲ. ಉಡುಪಿಯಲ್ಲಿ ಆಸ್ತಿ ಇದ್ದರೆ ಉಡುಪಿಯಲ್ಲೇ ಜಪ್ತಿ. ಆದರೆ ಅವಾರ್ಡಿಗೆ ಆಯಾ ರಾಜ್ಯದ ನಿಯಮದಂತೆ ಸ್ಟಾಂಪ್ ಆಗಿದೆಯೇ ನೋಡಿಕೊಳ್ಳಿ. ಜಾರಿಯ ಹೊತ್ತಿಗೆ ಈ ತಕರಾರು ಎದ್ದು ದಿನ ಹೋಗುತ್ತದೆ.

ಈ ವಿಷಯ ಯಜಮಾನರಿಗೆ ಹೇಳಿದಾಗ ಅವರು ಮೊದಲ ಸಲ ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತರು. ‘ಊರಿನ ಮನೆಗಾ?’ ಎಂದರು.

ಸೆಕ್ಷನ್ 34ಕ್ಕೆ ಹಿಡಿಯುವ ಕಾರಣ ನನಗೆ ಸಿಗಲಿಲ್ಲ. ಆರ್ಬಿಟ್ರೇಟರನ್ನು ಹೈಕೋರ್ಟೇ ನೇಮಿಸಿತ್ತು. ನೋಟಿಸು ಸರಿಯಾಗಿತ್ತು. ಹಾಗೆಂದು ಬರೆದೇ ಕೊಟ್ಟೆ. ಅಕ್ಟೋಬರ್ 30ಕ್ಕೆ ಮಗ ಕಂಟ್ರಾಕ್ಟರಿಗೆ ಫೋನ್ ಮಾಡಿದ. ನವೆಂಬರ್ 1ಕ್ಕೆ 21 ತಿಂಗಳ ಬಡ್ಡಿ 3,30,750. ಅಸಲು, ಖರ್ಚು ಸೇರಿ 25,30,750. ಒಂದೇ ಕಂತಿನಲ್ಲಿ ಕೊಟ್ಟರೆ ಖರ್ಚಿನ ಒಂದು ಲಕ್ಷ ಬಿಡುತ್ತೇನೆ ಎಂದು ಕಂಟ್ರಾಕ್ಟರ್ ಒಪ್ಪಿದರು. 24,30,750 ರೂಪಾಯಿ ಆರ್‌ಟಿಜಿಎಸ್ ಆಯ್ತು.

ಇಂಥ ಹೊತ್ತಿನಲ್ಲಿ ಕೈಕುಲುಕಿ ಎದ್ದು ಬರಬೇಡಿ. ‘ಅವಾರ್ಡ್ ಪೂರ್ತಿ ತೀರಿದೆ, ಇನ್ನು ಏನೂ ಬಾಕಿ ಇಲ್ಲ’ ಎಂದು ಗೆದ್ದವರಿಂದ ಸಹಿ ಮಾಡಿದ ಕಾಗದ ತೆಗೆದುಕೊಳ್ಳಿ. ಜಾರಿಯ ಅರ್ಜಿ ಆಗಲೇ ಹಾಕಿದ್ದರೆ ಹಣ ಕೊಟ್ಟದ್ದನ್ನು ಆ ಕೋರ್ಟಿನಲ್ಲಿ ದಾಖಲು ಮಾಡಿಸಲೇಬೇಕು. ಹೊರಗೆ ಕೊಟ್ಟು ದಾಖಲಿಸದ ಹಣವನ್ನು ಜಾರಿ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಾರ್ಡ್ ಜಾರಿಗೆ ಹನ್ನೆರಡು ವರ್ಷದ ಅವಧಿ ಇದೆ. ಅಷ್ಟೂ ವರ್ಷ ಆ ಕಾಗದ ಜೋಪಾನವಾಗಿರಬೇಕು. ಯಜಮಾನರು ಅದನ್ನು ಅದೇ ಸಾಂಬಾರಿನ ಕಲೆಯ ಲಕೋಟೆಗೆ ಹಾಕಿಕೊಂಡು ಹೋದರು. ಗಲ್ಲಾದಲ್ಲಿ ಇಡಬೇಡಿ ಎಂದು ಬಾಗಿಲ ತನಕ ಹೋಗಿ ಹೇಳಿ ಬಂದೆ.